ಫ್ರಿಜ್ ಮಾರಾಟಕ್ಕೆ ಹಾಕಿದ ಅರ್ಧ ಗಂಟೆಗೇ ‘ಮಿಲಿಟರಿ’ ಗಿರಾಕಿ. ಅವರು ಕಳಿಸಿದ ಕ್ಯೂಆರ್ ಸ್ಕ್ಯಾನ್ ಮಾಡಬಹುದಾ?

ಶಕ್ತಿನಗರ ಕ್ವಾರ್ಟರ್ಸ್

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರಿಗೆ ವರ್ಗ ಆಗಿದೆ. ತಿಂಗಳ ಕೊನೆಗೆ ಶಕ್ತಿನಗರ ಬಿಡಬೇಕು. ಎರಡು ಬಾಗಿಲಿನ ಫ್ರಿಜ್ ಅಷ್ಟು ದೂರ ಸಾಗಿಸೋದು ಬೇಡ ಅಂತ ಹಳೆ ಸಾಮಾನು ಮಾರುವ ಒಂದು ಸೈಟಿನಲ್ಲಿ 11,500 ರೂಪಾಯಿಗೆ ಹಾಕಿದೆ. ಅರ್ಧ ಗಂಟೆ ಆಗಿಲ್ಲ, ಒಬ್ಬರ ಫೋನ್ ಬಂತು. ಹಿಂದಿಯಲ್ಲೇ ಮಾತು, ತುಂಬಾ ಮರ್ಯಾದೆಯಿಂದ. ತಾವು ಮಿಲಿಟರಿಯಲ್ಲಿದ್ದೇವೆ, ಬಳ್ಳಾರಿ ಕಂಟೋನ್ಮೆಂಟ್‌ಗೆ ಪೋಸ್ಟಿಂಗ್ ಆಗಿದೆ, ಮನೆಗೆ ಫ್ರಿಜ್ ಬೇಕು ಅಂದರು. ಚೌಕಾಸಿ ಮಾಡಲಿಲ್ಲ. ಫ್ರಿಜ್ ನೋಡಬೇಕು ಅಂತಲೂ ಕೇಳಲಿಲ್ಲ. ನಾಳೆ ಬೆಳಿಗ್ಗೆ ಮಿಲಿಟರಿ ಗಾಡಿ ಬಂದು ಒಯ್ಯುತ್ತಂತೆ.

ವಾಟ್ಸಾಪ್‌ನಲ್ಲಿ ಐಡಿ ಕಾರ್ಡ್, ಕ್ಯಾಂಟೀನ್ ಕಾರ್ಡ್, ಯೂನಿಫಾರ್ಮಿನ ಫೋಟೋ ಕಳಿಸಿದ್ದಾರೆ. ಈಗ ಒಂದು ಕ್ಯೂಆರ್ ಬಂದಿದೆ. ಆರ್ಮಿ ಖಾತೆಯಿಂದ ಹೊರಗಿನವರಿಗೆ ನೇರ ಹಣ ಹಾಕೋಕೆ ಬರಲ್ಲ, ನೀವು ಸ್ಕ್ಯಾನ್ ಮಾಡಿದರೆ ಹಣ ನಿಮ್ಮ ಖಾತೆಗೆ ಬರುತ್ತೆ ಅಂತಾರೆ. ಮೊದಲು 5 ರೂಪಾಯಿಯಲ್ಲಿ ಟೆಸ್ಟ್ ಮಾಡಿ, 10 ವಾಪಸ್ ಬಂದರೆ ನಂಬಿ ಅಂದರು. ಗೇಟ್ ಪಾಸ್‌ಗೆ ನನ್ನ ಆಧಾರ್ ಫೋಟೋನೂ ಕೇಳಿದ್ದಾರೆ. ನಾನು ಇನ್ನೂ ಏನೂ ಮಾಡಿಲ್ಲ. ಮನೆಯವರು ಶಿಫ್ಟಿನಲ್ಲಿದ್ದಾರೆ. ತಿಳಿದವರು ಬೇಗ ಹೇಳಿ.

ಮಾನ್ವಿ ಮಂದಿ

ಅಕ್ಕಾ, ಅಡ್ವಾನ್ಸ್ ಅಂತ ಒಂದು ರೂಪಾಯಿನೂ ಹಾಕಬೇಡಿ. ಮೊದಲು ಫ್ರಿಜ್ ನೋಡಿ. ಕಂಪ್ರೆಸರ್ ಶಬ್ದ ಕೇಳಿ, ಬಾಗಿಲಿನ ರಬ್ಬರ್ ನೋಡಿ, ಬಿಲ್ ಇದೆಯಾ ಕೇಳಿ. ಬೇಸಿಗೆಯಲ್ಲಿ ನಮ್ಮ ಕಡೆ ಹಳೆ ಫ್ರಿಜ್ ತಗೊಂಡವರು ಬಹಳ ಜನ ಮೋಸ ಹೋಗಿದ್ದಾರೆ.

ಶಕ್ತಿನಗರ ಕ್ವಾರ್ಟರ್ಸ್

ಅಣ್ಣಾ, ನಾನು ಕೊಳ್ಳುವವಳಲ್ಲ, ಮಾರುವವಳು. ಫ್ರಿಜ್ ನಮ್ಮದೇ, ಚೆನ್ನಾಗಿದೆ.

ಮಾನ್ವಿ ಮಂದಿ

ಓದದೆ ಬರೆದುಬಿಟ್ಟೆ ಅಕ್ಕಾ. ಹಾಗಾದರೆ ಇನ್ನೂ ವಿಚಿತ್ರ. ಹಣ ಕೊಡುವವನು ತಾನೆ ಸ್ಕ್ಯಾನ್ ಮಾಡಬೇಕು?

ಕೌಲ್ ಬಜಾರ್ ಹುಡುಗ

ಬಳ್ಳಾರಿಯವನಾಗಿ ಒಂದು ಮಾತು. ಕಂಟೋನ್ಮೆಂಟ್ ಅನ್ನುವ ಹೆಸರು ಇಲ್ಲಿ ಬ್ರಿಟಿಷರ ಕಾಲದಿಂದ ಉಳಿದುಕೊಂಡಿದೆ. ಇವತ್ತು ಹೋದರೆ ಕಾಣುವುದು ಮನೆಗಳು, ಶಾಲೆಗಳು, ಆ ಹೆಸರಿನ ರೈಲು ನಿಲ್ದಾಣ. ಊರು ಕಾಣದವನು ಮ್ಯಾಪಿನಲ್ಲಿ ‘ಬಳ್ಳಾರಿ ಕಂಟೋನ್ಮೆಂಟ್’ ಅಂತ ನೋಡಿ ಅಲ್ಲಿ ಸೈನ್ಯ ಇದೆ ಅಂದುಕೊಂಡಿರುತ್ತಾನೆ. ಯಾವ ಗೇಟು, ಹತ್ತಿರ ಯಾವ ಸರ್ಕಲ್ ಅಂತ ಕೇಳಿ ನೋಡಿ ಅಕ್ಕಾ. ಇನ್ನೊಂದು ಲೆಕ್ಕ: ಬಳ್ಳಾರಿಯಲ್ಲಿ ಇರುವವನು ಒಂದು ಹಳೆ ಫ್ರಿಜ್‌ಗಾಗಿ ರಾಯಚೂರು ದಾಟಿ ಶಕ್ತಿನಗರಕ್ಕೆ ಗಾಡಿ ಕಳಿಸ್ತಾನಾ? ಬಾಡಿಗೆಗೇ ಎಷ್ಟಾಗುತ್ತೆ?

ಸಿಂಧನೂರು ಸೀಮೆ

ಸುಮ್ನೆ ಹೆದರಿಸಬೇಡಿ. ಪಿನ್ ಹಾಕದಿದ್ದರೆ ಏನೂ ಆಗಲ್ಲ. ಸ್ಕ್ಯಾನ್ ಮಾಡಿ ನೋಡಿ, ಏನು ಬರುತ್ತೋ ಗೊತ್ತಾಗುತ್ತೆ. ಅದಕ್ಕಿಂತ ಜಾಸ್ತಿ ಹುಷಾರಾಗಿರಬೇಕಾದ್ದು ಬ್ಯಾಲೆನ್ಸ್ ನೋಡುವಾಗ. ಅವರು ಮೊದಲು ಚಿಲ್ಲರೆ ಹಣ ಹಾಕ್ತಾರೆ. ಬಂತಾ ಅಂತ ನೀವು ಬ್ಯಾಲೆನ್ಸ್ ನೋಡೋಕೆ ಪಿನ್ ಒತ್ತುತ್ತೀರಿ. ಅದೇ ಪಿನ್ ಅವರು ಕಳಿಸಿಟ್ಟ ಹಣ ಕೇಳುವ ರಿಕ್ವೆಸ್ಟಿಗೆ ಹೋಗಿ ಖಾತೆ ಖಾಲಿ. ವಾಟ್ಸಾಪಿನಲ್ಲಿ ವಿಡಿಯೋನೇ ಬಂದಿತ್ತು.

ಕೊಪ್ಪಳ ಕೌಂಟರ್

ಕೊಪ್ಪಳದ ಒಂದು ಬ್ಯಾಂಕ್ ಶಾಖೆಯಲ್ಲಿ ನನ್ನ ಕೆಲಸ. ಇಂಥ ದೂರು ಹಿಡಿದು ಬರುವವರು ಮೊದಲು ಬರುವುದು ನನ್ನ ಕೌಂಟರಿಗೇ. ಅಕ್ಕಾ, ಸ್ಕ್ಯಾನ್ ಮಾಡಬೇಡಿ, ಆಧಾರ್ ಕಳಿಸಬೇಡಿ. ಇದು ಪಕ್ಕಾ ಮೋಸ. ಯಾಕೆ ಅಂತ ಪೂರ್ತಿ ಹೇಳುತ್ತೇನೆ, ಅರ್ಧ ತಿಳಿದವರೇ ಇದರಲ್ಲಿ ಸಿಕ್ಕಿಬೀಳುವುದು.

ಯುಪಿಐನಲ್ಲಿ ಹಣ ಪಡೆಯುವವರು ಏನೂ ಮಾಡಬೇಕಾಗಿಲ್ಲ. ನಿಮ್ಮ ಫೋನ್ ಆಫ್ ಆಗಿದ್ದರೂ ಹಣ ಬಂದು ಬೀಳುತ್ತದೆ. ಸ್ಕ್ಯಾನ್ ಮಾಡುವುದು, ಪಿನ್ ಹಾಕುವುದು, ಈಗ ಕೆಲವು ಆ್ಯಪ್‌ಗಳಲ್ಲಿ ಪಿನ್ ಬದಲು ಬೆರಳು ಒತ್ತುವುದು ಬಂದಿದೆಯಲ್ಲ, ಅದು ಕೂಡ, ಎಲ್ಲಾ ಕೊಡುವವನ ಕೆಲಸ. ‘ಆರ್ಮಿ ಖಾತೆಗೆ ಬೇರೆ ನಿಯಮ’ ಅನ್ನುವುದು ಕಟ್ಟುಕತೆ. ಸೈನಿಕರ ಸಂಬಳದ ಖಾತೆ ಇರುವುದು ನಿಮ್ಮ ನಮ್ಮಂಥ ಬ್ಯಾಂಕುಗಳಲ್ಲೇ. ಅದರಿಂದ ನಿಮ್ಮ ನಂಬರಿಗೆ ನೇರವಾಗಿ ಹಣ ಹಾಕಬಹುದು.

ಈಗ ಆ 5 ರೂಪಾಯಿ ಆಟ ನೋಡಿ. ನೀವು 5ರ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ 5 ರೂಪಾಯಿ ಅವನಿಗೆ ಹೋಗುತ್ತದೆ. ಮರುಕ್ಷಣ ಅವನು ನಿಮ್ಮ ಮೊಬೈಲ್ ನಂಬರಿಗೆ ತನ್ನ ಕೈಯಾರೆ 10 ರೂಪಾಯಿ ಹಾಕುತ್ತಾನೆ. ನಿಮಗೆ ‘ಸ್ಕ್ಯಾನ್ ಮಾಡಿದ್ದಕ್ಕೇ 10 ಬಂತು’ ಅನ್ನಿಸುತ್ತದೆ. ಆದರೆ ಎರಡಕ್ಕೂ ಸಂಬಂಧವೇ ಇಲ್ಲ. ನೀವು ಕೊಟ್ಟಿದ್ದು ಒಂದು ವ್ಯವಹಾರ, ಅವನು ಕೊಟ್ಟಿದ್ದು ಇನ್ನೊಂದು. ಐದು ರೂಪಾಯಿ ಜಾಸ್ತಿ ಖರ್ಚು ಮಾಡಿ ಅವನು ನಿಮ್ಮ ನಂಬಿಕೆ ಕೊಂಡುಕೊಂಡ, ಅಷ್ಟೇ.

ಮುಂದಿನದು 11,500ರ ಕ್ಯೂಆರ್. ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಅಷ್ಟೂ ಹೋಯಿತು. ನೀವು ಗಾಬರಿಯಾಗಿ ಫೋನ್ ಮಾಡುತ್ತೀರಿ. ಅವನು ನಿಮಗಿಂತ ಜಾಸ್ತಿ ಗಾಬರಿಯಾದಂತೆ ಆಡುತ್ತಾನೆ. ‘ಮೇಡಂ, ಸರ್ವರ್‌ನಲ್ಲಿ ಸಿಕ್ಕಿಕೊಂಡಿದೆ. ಅದೇ ಮೊತ್ತ ಇನ್ನೊಂದು ಸಲ ಸ್ಕ್ಯಾನ್ ಮಾಡಿ, ಎರಡೂ ಸೇರಿ 23,000 ವಾಪಸ್ ಬರುತ್ತೆ’ ಅನ್ನುತ್ತಾನೆ. ನನ್ನ ಕೌಂಟರಿಗೆ ಬರುವವರು ಹಣ ಕಳೆದುಕೊಂಡಿರುವುದು ಹೆಚ್ಚಾಗಿ ಈ ಎರಡನೇ, ಮೂರನೇ ಸ್ಕ್ಯಾನಿನಲ್ಲೇ. ಹೋದ ಹಣ ವಾಪಸ್ ತರಿಸಿಕೊಳ್ಳಬೇಕು ಅನ್ನುವ ಆತುರ ಇರುತ್ತದಲ್ಲ, ಅವನಿಗೆ ಬೇಕಾಗಿರುವುದೂ ಅದೇ. ಖಾತೆ ಬರಿದಾಗುವವರೆಗೆ, ಇಲ್ಲವೇ ದಿನದ ಒಂದು ಲಕ್ಷದ ಮಿತಿ ಮುಟ್ಟುವವರೆಗೆ ಹೀಗೇ ನಡೆಯುತ್ತದೆ. ಅಷ್ಟೂ ಹೊತ್ತು ಫೋನ್ ಇಡಲು ಬಿಡುವುದಿಲ್ಲ. ಪಕ್ಕದವರನ್ನು ಕೇಳಲು ನಿಮಗೆ ಒಂದು ನಿಮಿಷ ಸಿಗಬಾರದು ಅಂತ.

ಗಂಗಾವತಿ ಗಣಕ

ಕೌಂಟರ್ ಸರ್ ಹೇಳಿದ್ದು ಸರಿ. ಕ್ಯೂಆರ್ ಒಳಗೆ ಏನಿರುತ್ತೆ ಅಂತ ನಾನು ತೋರಿಸುತ್ತೇನೆ. ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಒಬ್ಬ ಗಿರಾಕಿ ಇಂಥದೇ ಚಿತ್ರ ತಂದಿದ್ದರು. ಮೇಲೆ ದೊಡ್ಡ ಅಕ್ಷರದಲ್ಲಿ ‘ಹಣ ಪಡೆಯಲು ಸ್ಕ್ಯಾನ್ ಮಾಡಿ’ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು, ಜೊತೆಗೆ ಒಂದು ಲಾಂಛನ. ಆ್ಯಪಿನಲ್ಲಿ ತೆರೆಯದೆ, ಬರೀ ಅಕ್ಷರ ಓದುವ ಸ್ಕ್ಯಾನರಿನಲ್ಲಿ ನೋಡಿದೆ. ಒಳಗೆ ಈ ಥರ ಇತ್ತು. ವಿಳಾಸ ಬದಲಿಸಿ ಹಾಕಿದ್ದೇನೆ:

```
upi://pay?pa=xxxxx@xxx&pn=ARMY%20CANTEEN&am=11500.00&cu=INR&tn=RECEIVE
```

ಶುರುವಿನಲ್ಲೇ `pay` ಅಂತಿದೆ ನೋಡಿ. ಅಂದರೆ ಸ್ಕ್ಯಾನ್ ಮಾಡಿದವರು ಕೊಡಬೇಕು. `pa` ಹಣ ಹೋಗುವ ವಿಳಾಸ, `am` ಮೊತ್ತ. `pn` ಅಂದರೆ ಹೆಸರು, `tn` ಅಂದರೆ ಟಿಪ್ಪಣಿ. ಈ ಎರಡನ್ನೂ ಕ್ಯೂಆರ್ ಮಾಡಿದವನು ತನಗೆ ಬೇಕಾದ ಹಾಗೆ ಬರೆಯಬಹುದು. ‘ಆರ್ಮಿ ಕ್ಯಾಂಟೀನ್’ ಅಂತಲೂ ಬರೆಯಬಹುದು, ನಿಮ್ಮ ಹೆಸರನ್ನೇ ಬರೆಯಬಹುದು. ‘ರಿಸೀವ್’ ಅಂತ ಬರೆದ ಮಾತ್ರಕ್ಕೆ ಹಣ ನಿಮ್ಮ ಕಡೆ ಬರುವುದಿಲ್ಲ.

ಕೊಪ್ಪಳ ಕೌಂಟರ್

ಒಳ್ಳೆಯ ಕೆಲಸ ಮಾಡಿದಿರಿ ಸರ್. ಇದಕ್ಕೆ ಒಂದು ಸೇರಿಸುತ್ತೇನೆ. 2025ರ ಜೂನ್ 30ರೊಳಗೆ ಎಲ್ಲಾ ಯುಪಿಐ ಆ್ಯಪ್‌ಗಳೂ ಬ್ಯಾಂಕಿನಲ್ಲಿ ನೋಂದಾಯಿಸಿದ ಹೆಸರನ್ನೇ ತೋರಿಸಬೇಕು ಅಂತ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಹೇಳಿತ್ತು. ಹಾಗಾಗಿ ಈಗ ಪಿನ್ ಹಾಕುವ ಮುಂಚೆ ಪರದೆಯ ಮೇಲೆ ಬರುವ ಹೆಸರು ಸಾಮಾನ್ಯವಾಗಿ ಖಾತೆದಾರನ ನಿಜವಾದ ಹೆಸರು. ವಾಟ್ಸಾಪಿನಲ್ಲಿ ಕಳಿಸಿದ ಐಡಿ ಕಾರ್ಡಿನ ಹೆಸರಿಗೂ ಅದಕ್ಕೂ ತಾಳೆ ಆಗುವುದಿಲ್ಲ. ಆದರೆ ಆ ಹೆಸರಿನವನೇ ಕಳ್ಳ ಅಂತಲೂ ಅಲ್ಲ. ಎಷ್ಟೋ ಸಲ ಅದು ಕಮಿಷನ್ ಆಸೆಗೆ ತನ್ನ ಖಾತೆ ಬಾಡಿಗೆಗೆ ಕೊಟ್ಟ ಯಾರೋ ಬಡವನದಾಗಿರುತ್ತದೆ.

ಸಿಂಧನೂರಿನವರ ಮಾತಿಗೆ ಬರುತ್ತೇನೆ. ಪಿನ್ ಹಾಕದೆ ದೊಡ್ಡ ಮೊತ್ತ ಹೋಗುವುದಿಲ್ಲ ಅನ್ನುವುದು ನಿಜ. ಆದರೆ ಯುಪಿಐ ಲೈಟ್ ಆನ್ ಮಾಡಿಕೊಂಡವರಿಗೆ ಸಣ್ಣ ಮೊತ್ತ ಪಿನ್ ಇಲ್ಲದೆಯೇ ಹೋಗುತ್ತದೆ. 5 ರೂಪಾಯಿ ಟೆಸ್ಟ್ ಅಂದಾಗ ‘ಪಿನ್ ಕೇಳಲೇ ಇಲ್ಲ, ಹಾಗಾದರೆ ಸರಿ’ ಅಂತ ಅವರು ಮುಂದಿನ ಹೆಜ್ಜೆ ಇಟ್ಟುಬಿಡುತ್ತಾರೆ. ಅದಕ್ಕೇ ‘ಸ್ಕ್ಯಾನ್ ಮಾಡಿ ನೋಡಿ’ ಅನ್ನುವುದು ಒಳ್ಳೆಯ ಸಲಹೆಯಲ್ಲ.

ಬ್ಯಾಲೆನ್ಸ್ ನೋಡುವ ಪಿನ್ ಹೋಗಿ ರಿಕ್ವೆಸ್ಟಿಗೆ ಸೇರಿಕೊಳ್ಳುತ್ತೆ ಅನ್ನುವುದು ಮಾತ್ರ ತಪ್ಪು. ಬ್ಯಾಲೆನ್ಸ್ ನೋಡುವುದೇ ಬೇರೆ ಕೆಲಸ, ರಿಕ್ವೆಸ್ಟ್ ಒಪ್ಪುವುದೇ ಬೇರೆ. ನೀವು ಆ ರಿಕ್ವೆಸ್ಟ್ ತೆರೆದು `Pay` ಒತ್ತಿ ಪಿನ್ ಹಾಕಿದರೆ ಮಾತ್ರ ಹಣ ಹೋಗುತ್ತದೆ. ಎನ್‌ಪಿಸಿಐ ಕೂಡ ಇದನ್ನು ಸ್ಪಷ್ಟಪಡಿಸಿದೆ. ಅದಲ್ಲದೆ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಹಣ ಕೇಳಿ ರಿಕ್ವೆಸ್ಟ್ ಕಳಿಸುವ ಸೌಲಭ್ಯವನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ವ್ಯಾಪಾರಿ ಖಾತೆಗಳಿಗೆ ಮಾತ್ರ ಉಳಿದಿದೆ. ಹಾಗಾಗಿ ಬ್ಯಾಲೆನ್ಸ್ ಧೈರ್ಯವಾಗಿ ನೋಡಿ. ಹಣ ಬಂದಿದೆಯಾ ಅಂತ ತಿಳಿಯಲು ಬೇರೆ ದಾರಿ ಎಲ್ಲಿದೆ?

ಸಿಂಧನೂರು ಸೀಮೆ

ಸರಿ ಸರ್, ಲೈಟ್ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ಆದರೆ ಆ ವಿಡಿಯೋದಲ್ಲಿ ಪೊಲೀಸರ ಹೆಸರೂ ಇತ್ತು. ಪೂರ್ತಿ ಸುಳ್ಳು ಅಂತ ಒಪ್ಪಲು ನನಗೆ ಮನಸ್ಸಿಲ್ಲ.

ಶಕ್ತಿನಗರ ಕ್ವಾರ್ಟರ್ಸ್

ಎಲ್ಲರಿಗೂ ಧನ್ಯವಾದ. ಸ್ಕ್ಯಾನ್ ಮಾಡಲಿಲ್ಲ. ಆದರೆ ಮನಸ್ಸಿಗೆ ಒಂದು ಅನುಮಾನ. ಐಡಿ ಕಾರ್ಡಿನ ಫೋಟೋ ನಿಜವಾದದ್ದೇ ಅನ್ನಿಸುತ್ತೆ. ನಂಬರ್, ಸೀಲು ಎಲ್ಲಾ ಇದೆ. ಅಕಸ್ಮಾತ್ ನಿಜವಾದ ಸೈನಿಕರೇ ಆಗಿದ್ದರೆ ಅವರಿಗೆ ಅವಮಾನ ಮಾಡಿದ ಹಾಗಾಗುತ್ತೆ ಅಲ್ವಾ? ನಮ್ಮ ತಮ್ಮನೂ ಸೈನ್ಯದಲ್ಲಿದ್ದಾನೆ. ಅದಕ್ಕೇ ಕೇಳ್ತಿದ್ದೇನೆ.

ಕೊಪ್ಪಳ ಕೌಂಟರ್

ಅಕ್ಕಾ, ಕಾರ್ಡು ನಿಜವಾದದ್ದೇ ಇರಬಹುದು. ಆದರೆ ಅದು ಅವನದಲ್ಲ. ಯಾವುದೋ ನಿಜವಾದ ಜವಾನನ ಕಾರ್ಡನ್ನು ಹಿಂದೆ ಇದೇ ಥರ ವಾಟ್ಸಾಪಿನಲ್ಲಿ ಪಡೆದು ಇಟ್ಟುಕೊಂಡಿರುತ್ತಾರೆ. ನಿಮ್ಮ ಆಧಾರ್ ಕೇಳುತ್ತಿರುವುದೂ ಅದಕ್ಕೇ. ನಾಳೆ ಇನ್ನೊಬ್ಬರಿಗೆ ‘ನಾನು ರಾಯಚೂರಿನ ಶಕ್ತಿನಗರದ ಹೆಣ್ಣುಮಗಳು, ಫ್ರಿಜ್ ಮಾರ್ತಿದ್ದೀನಿ, ಅಡ್ವಾನ್ಸ್ ಹಾಕಿ’ ಅಂತ ನಿಮ್ಮ ಆಧಾರ್, ನಿಮ್ಮದೇ ಫ್ರಿಜ್ಜಿನ ಫೋಟೋ ತೋರಿಸುತ್ತಾರೆ. ಸೈನಿಕರ ಬಗ್ಗೆ ನಮಗಿರುವ ಗೌರವವನ್ನೇ ಇವರು ಬಂಡವಾಳ ಮಾಡಿಕೊಂಡಿದ್ದಾರೆ. ನಿಮ್ಮಂಥ ಮನೆಯವರಿಗೆ ಇದು ಇನ್ನೂ ಬೇಗ ತಾಗುತ್ತದೆ.

ಅವಮಾನ ಮಾಡದೆ ಪರೀಕ್ಷೆ ಮಾಡಬಹುದು. ನಿಮ್ಮ ಕ್ಯೂಆರ್ ಅನ್ನೋ ಯುಪಿಐ ವಿಳಾಸವನ್ನೋ ನೀವೇ ಕಳಿಸಿ. ‘ಇದಕ್ಕೆ ಹಾಕಿ, ಇಲ್ಲವೇ ಗಾಡಿ ಬಂದಾಗ ನಗದು ಕೊಡಿ’ ಅನ್ನಿ. ನಿಮ್ಮ ಕ್ಯೂಆರ್‌ನಿಂದ ಯಾರೂ ನಿಮ್ಮ ಹಣ ತೆಗೆಯಲು ಆಗುವುದಿಲ್ಲ. ಅದರಲ್ಲಿ ಹಣ ಬರಬಹುದು ಅಷ್ಟೇ. ನಿಜವಾದ ಗಿರಾಕಿಗೆ ಇದರಲ್ಲಿ ಯಾವ ತೊಂದರೆಯೂ ಇಲ್ಲ.

ಶಕ್ತಿನಗರ ಕ್ವಾರ್ಟರ್ಸ್

ನೀವು ಹೇಳಿದ ಹಾಗೆ ನನ್ನ ಕ್ಯೂಆರ್ ಕಳಿಸಿದೆ. ಮೊದಲು ‘ಇದು ಕೆಲಸ ಮಾಡಲ್ಲ, ನಮ್ಮದು ಮರ್ಚೆಂಟ್ ಖಾತೆ’ ಅಂದ. ಬೆಳಿಗ್ಗೆ ಆರ್ಮಿ ಖಾತೆ ಅಂದಿದ್ದನಲ್ಲ! ನಗದು ಕೊಡಿ ಅಂದೆ. ದನಿಯೇ ಬದಲಾಯಿತು. ‘ಫೌಜಿಯನ್ನೇ ನಂಬಲ್ವಾ’ ಅಂತ ಜೋರು ಮಾಡಿದ. ಆಮೇಲೆ ಇನ್ನೊಬ್ಬ ಫೋನ್ ಮಾಡಿ ‘ನಾನು ಅವರ ಮೇಲಧಿಕಾರಿ, ಗಾಡಿ ಹೊರಟಿದೆ, ಹಣ ತಗೊಳ್ಳದಿದ್ದರೆ ಡೀಸೆಲ್ ಖರ್ಚು ನಿಮ್ಮದೇ’ ಅಂದ. ಕೌಲ್ ಬಜಾರಿನವರು ಹೇಳಿದ ಗೇಟಿನ ಪ್ರಶ್ನೆ ಕೇಳಿದೆ. ‘ಮೇನ್ ಗೇಟ್’ ಅಂತಷ್ಟೇ ಹೇಳಿ ಇಟ್ಟ. ಈಗ ಎರಡೂ ನಂಬರ್ ಬ್ಲಾಕ್ ಮಾಡಿದ್ದೇನೆ.

ಕೌಲ್ ಬಜಾರ್ ಹುಡುಗ

ಭಲೇ ಅಕ್ಕಾ! ಬ್ಲಾಕ್ ಮಾಡುವ ಮುಂಚೆ ಚಾಟ್ ಸ್ಕ್ರೀನ್‌ಶಾಟ್ ತೆಗೆದಿದ್ದೀರಿ ತಾನೆ? ಹಣ ಹೋಗಿಲ್ಲದಿದ್ದರೂ ಸಂಚಾರ ಸಾಥಿ ಸೈಟಿನಲ್ಲಿ ‘ಚಕ್ಷು’ ಅಂತ ಒಂದು ವಿಭಾಗ ಇದೆ. ಅನುಮಾನದ ಕರೆ, ವಾಟ್ಸಾಪ್ ನಂಬರ್ ಅಲ್ಲಿ ಕೊಡಬಹುದು.

ತೀನ್ ಕಂದೀಲ್ ಮೊಬೈಲ್ಸ್

ಇಲ್ಲಿ ಎಲ್ಲರೂ ದೂರದಿಂದ ಫೋನ್ ಮಾಡುವವರ ಬಗ್ಗೆಯೇ ಹೇಳುತ್ತಿದ್ದೀರಿ. ಎದುರಿಗೆ ನಿಂತು ಮೋಸ ಮಾಡುವವರೂ ಇದ್ದಾರೆ. ನಮ್ಮದು ಹಳೆ ಫೋನ್ ಕೊಂಡು ಮಾರುವ ವ್ಯಾಪಾರ. ಸೈಟಿನಲ್ಲಿ ಜಾಹೀರಾತು ನೋಡಿಯೇ ಒಬ್ಬ ಹುಡುಗ ಬಂದಿದ್ದ. 8,000ದ ಫೋನ್. ಎಲ್ಲಾ ಪರೀಕ್ಷೆ ಮಾಡಿದ, ಐನೂರು ಕಡಿಮೆ ಮಾಡಿಸಿಕೊಂಡ. ಹೀಗೆ ಚೌಕಾಸಿ ಮಾಡುವವನನ್ನು ಯಾರು ಅನುಮಾನಿಸ್ತಾರೆ? ಹಣ ಹಾಕಿದೆ ಅಂತ ಪರದೆ ತೋರಿಸಿದ. ಹಸಿರು ಟಿಕ್, ಟಿಂಗ್ ಅಂತ ಸದ್ದು, 7,500, ಸಮಯ, ನಮ್ಮ ಅಂಗಡಿಯ ಹೆಸರು, ಎಲ್ಲಾ ಸರಿಯಾಗಿತ್ತು.

ನಮ್ಮ ಕೆಲಸದ ಹುಡುಗ ಫೋನ್ ಕೊಡುವುದರಲ್ಲಿದ್ದ. ನನಗೆ ಆ ಅಂಗಡಿಯ ಹೆಸರೇ ಕಣ್ಣಿಗೆ ಕುಕ್ಕಿತು. ನಮ್ಮ ಖಾತೆ ಇರುವುದು ನಮ್ಮ ಮನೆಯವರ ಹೆಸರಿನಲ್ಲಿ. ನಿಜವಾಗಿ ನಮ್ಮ ಕ್ಯೂಆರ್‌ಗೆ ಹಾಕಿದರೆ ಗಿರಾಕಿಯ ಪರದೆಯಲ್ಲಿ ಬರುವುದು ಅವರ ಹೆಸರು. ಇವನ ಪರದೆಯಲ್ಲಿ ನಮ್ಮ ಬೋರ್ಡಿನ ಹೆಸರಿತ್ತು. ಬೋರ್ಡು ನೋಡಿ ಟೈಪ್ ಮಾಡಿದ್ದ ಅಷ್ಟೇ. ಹಣ ಹೋದಂತೆ ತೋರಿಸುವ ನಕಲಿ ಆ್ಯಪ್ ಅದು. ‘ನೆಟ್‌ವರ್ಕ್ ಸ್ಲೋ ಇದೆ, ಹತ್ತು ನಿಮಿಷದಲ್ಲಿ ಬರುತ್ತೆ’ ಅಂದ. ಬರಲಿ, ಅಲ್ಲಿಯವರೆಗೆ ಕೂತು ಚಹಾ ಕುಡಿ ಅಂದೆ. ಗಾಡಿ ಸೈಡಿಗೆ ಹಾಕಿ ಬರ್ತೀನಿ ಅಂತ ಹೋದವನು ಬರಲೇ ಇಲ್ಲ.

ಮಾನ್ವಿ ಮಂದಿ

ಆದರೆ ನೆಟ್‌ವರ್ಕ್ ನಿಜವಾಗಿಯೂ ಕೈಕೊಡುತ್ತದಲ್ಲ ಅಣ್ಣಾ. ನನ್ನ ಖಾತೆಯಿಂದ ಹಣ ಕಟ್ ಆಗಿ ಎದುರಿನವರಿಗೆ ಹೋಗದೆ ನಿಂತಿದ್ದು ಇದೆ. ಪ್ರತಿ ಗಿರಾಕಿಯನ್ನೂ ಕಳ್ಳ ಅಂದರೆ ವ್ಯಾಪಾರ ಹೇಗೆ?

ಕೊಪ್ಪಳ ಕೌಂಟರ್

ಇದು ಸರಿಯಾದ ಪ್ರಶ್ನೆ. ಹಾಗೆ ನಿಂತ ಹಣ ಎಲ್ಲಿಗೂ ಹೋಗಿರುವುದಿಲ್ಲ. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ, ಕಟ್ ಆಗಿ ಎದುರಿನ ಖಾತೆಗೆ ಸೇರದ ಯುಪಿಐ ಹಣ, ವ್ಯಕ್ತಿಗೆ ಕಳಿಸಿದ್ದಾದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ ತಾನಾಗಿಯೇ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅಂದರೆ ಕಾಯುವುದರಿಂದ ಪ್ರಾಮಾಣಿಕ ಗಿರಾಕಿಗೆ ನಷ್ಟವಿಲ್ಲ. ಒಂದೋ ಹಣ ನಿಮಗೆ ಬರುತ್ತದೆ, ಇಲ್ಲವೇ ಅವನಿಗೆ ವಾಪಸ್ ಹೋಗುತ್ತದೆ. ನಿಮಗೆ ಬರುವವರೆಗೆ ಸಾಮಾನು ನಿಮ್ಮ ಹತ್ತಿರ ಇರಲಿ, ಇದನ್ನು ನಗುತ್ತಲೇ ಹೇಳಬಹುದು.

ಎಸ್‌ಎಂಎಸ್ ಕೂಡ ಹಾಗೇ. ‘ನಿಮ್ಮ ಖಾತೆಗೆ 20,000 ಜಮಾ’ ಅಂತ ಮೆಸೇಜ್ ಬರುತ್ತದೆ. ಕೂಡಲೇ ಫೋನ್. ‘ಅಯ್ಯೋ, 2,000 ಹಾಕಲು ಹೋಗಿ ಒಂದು ಸೊನ್ನೆ ಜಾಸ್ತಿ ಒತ್ತಿದೆ, ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ, 18,000 ವಾಪಸ್ ಹಾಕಿ’ ಅಂತ. ಕಳಿಸಿದವರು ಯಾರು ಅಂತ ನೋಡಿದರೆ ಹತ್ತು ಅಂಕಿಯ ಮೊಬೈಲ್ ನಂಬರ್ ಇರುತ್ತದೆ. ಬ್ಯಾಂಕಿನ ಮೆಸೇಜ್ ಅಕ್ಷರಗಳ ಹೆಸರಿನಿಂದ ಬರುತ್ತದೆ, ಮೊಬೈಲ್ ನಂಬರಿನಿಂದಲ್ಲ. ಆದರೂ ಮೆಸೇಜನ್ನು ಓದಿ ತೀರ್ಮಾನ ಮಾಡಬೇಡಿ. ನಿಮ್ಮ ಆ್ಯಪ್ ನೀವೇ ತೆರೆದು ಬ್ಯಾಲೆನ್ಸ್ ನೋಡಿ. ಮೊತ್ತ ಏರಿಲ್ಲ ಅಂದರೆ ಹಣ ಬಂದಿಲ್ಲ.

ಕುಡತಿನಿ ಮೇಷ್ಟ್ರು

ನನ್ನ ತಮ್ಮನದೇ ಒಂದು ಕೇಸು. ಇಲ್ಲಿ ಹೇಳಿದ ಯಾವ ಬಗೆಗೂ ಸೇರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬೈಕ್ ಮಾರಾಟಕ್ಕೆ ಹಾಕಿದ್ದ, 62,000 ಅಂತ. ಒಬ್ಬ ಫೋನ್ ಮಾಡಿ ಬೆಲೆ ಒಪ್ಪಿಕೊಂಡ. ‘ನಾನು ಊರಲ್ಲಿಲ್ಲ, ನಮ್ಮ ಮಾವನ ಮಗ ಬಂದು ಗಾಡಿ ನೋಡ್ತಾನೆ. ಅವನ ಸಾಲ ನಾನು ತೀರಿಸಬೇಕು, ಅದಕ್ಕೆ ಬದಲು ಈ ಬೈಕ್ ಕೊಡಿಸ್ತಿದ್ದೀನಿ. ಅವನ ಎದುರು ಬೆಲೆ ಮಾತಾಡಬೇಡಿ. ಹಣ ನಾನು ಹಾಕ್ತೀನಿ’ ಅಂದ. ತಮ್ಮ ಹೂಂ ಅಂದ.

ಮರುದಿನ ಸಿರುಗುಪ್ಪದ ಕಡೆಯ ಒಬ್ಬ ರೈತರು ಬಂದರು. ಗಾಡಿ ಓಡಿಸಿ ನೋಡಿದರು, ಆರ್‌ಸಿ ನೋಡಿದರು, ಖುಷಿಯಾದರು. ಇಬ್ಬರೂ ಹಣದ ಮಾತೇ ಎತ್ತಲಿಲ್ಲ. ಆ ರೈತರು ಪಕ್ಕಕ್ಕೆ ಹೋಗಿ ಯಾರಿಗೋ ಫೋನ್ ಮಾಡಿ 45,000 ಹಾಕಿದರು. ಬಂದು ‘ಕೀ ಕೊಡ್ರಿ’ ಅಂದರು. ತಮ್ಮ ‘ಹಣ ಎಲ್ರೀ?’ ಅಂದ. ಆಗ ಗೊತ್ತಾಯಿತು. ತಮ್ಮನ ಜಾಹೀರಾತಿನ ಫೋಟೋಗಳನ್ನೇ ತೆಗೆದುಕೊಂಡು ಆ ಕಳ್ಳ 45,000ಕ್ಕೆ ತನ್ನದೇ ಜಾಹೀರಾತು ಹಾಕಿದ್ದ. ರೈತರಿಗೆ ‘ಗಾಡಿ ನನ್ನದೇ, ನಮ್ಮ ತಮ್ಮನ ಮನೆಯಲ್ಲಿದೆ, ಅವನ ಹತ್ತಿರ ಬೆಲೆ ಮಾತಾಡಬೇಡಿ, ಅವನಿಗೆ ಕಮಿಷನ್ ಕೊಡಬೇಕಾಗುತ್ತೆ’ ಅಂತ ಹೇಳಿದ್ದ.

ಇಬ್ಬರೂ ನಿಯತ್ತಿನವರು, ಇಬ್ಬರೂ ಒಬ್ಬರನ್ನೊಬ್ಬರು ಕಳ್ಳ ಅಂದುಕೊಂಡು ಬೀದಿಯಲ್ಲಿ ಜಗಳ. ಕಳ್ಳ ಮಾತ್ರ ಅಲ್ಲಿ ಇರಲೇ ಇಲ್ಲ. ಕೊನೆಗೆ ಠಾಣೆಗೆ ಹೋದರು. ಬೈಕ್ ತಮ್ಮನ ಹತ್ತಿರವೇ ಇದೆ. ರೈತರ ಹಣ ಇನ್ನೂ ಸಿಕ್ಕಿಲ್ಲ. ಅರ್ಧ ನಷ್ಟ ನೀವು ಹೊತ್ತುಕೊಳ್ಳಿ ಅಂತ ಅವರ ಕಡೆಯವರು ಕೇಳುತ್ತಿದ್ದಾರೆ. ಇದರಲ್ಲಿ ನಮ್ಮದೇನು ಜವಾಬ್ದಾರಿ?

ಸಿಂಧನೂರು ಸೀಮೆ

ಮೇಷ್ಟ್ರೇ, ನಿಮ್ಮ ತಮ್ಮ ಒಂದು ಪೈಸೆ ಮುಟ್ಟಿಲ್ಲ. ಯಾಕೆ ಕೊಡಬೇಕು?

ತೀನ್ ಕಂದೀಲ್ ಮೊಬೈಲ್ಸ್

ಮುಟ್ಟಿಲ್ಲ ನಿಜ. ಆದರೆ ‘ಬೆಲೆ ಮಾತಾಡಬೇಡಿ’ ಅನ್ನುವ ಮಾತಿಗೆ ಇಬ್ಬರೂ ತಲೆಯಾಡಿಸಿದರಲ್ಲ. ಆ ರೈತರ ಮನೆಯಲ್ಲಿ ಏನಾಗಿರಬಹುದು ಯೋಚಿಸಿ. ಏನಾದರೂ ಸ್ವಲ್ಪ ಮನುಷ್ಯತ್ವದ ಮೇಲೆ...

ಕೊಪ್ಪಳ ಕೌಂಟರ್

ಕಾನೂನಿನ ತೀರ್ಮಾನ ವಕೀಲರದ್ದು, ಅದನ್ನು ನಾನು ಹೇಳುವುದಿಲ್ಲ. ಆದರೆ ಈ ಮೋಸವನ್ನು ಮುರಿಯುವ ಜಾಗ ಒಂದೇ ಇದೆ. ಗಾಡಿ ಮುಂದೆ ಇಬ್ಬರೂ ನಿಂತಿರುವಾಗ ‘ನೀವು ಎಷ್ಟಕ್ಕೆ ಮಾತಾಡಿದ್ದೀರಿ, ಹಣ ಯಾರ ಹೆಸರಿಗೆ ಹಾಕ್ತೀರಿ’ ಅಂತ ಕೇಳಬೇಕು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರ ಖಾತೆಗೇ ಹಣ ಬರಬೇಕು. ಬೆಲೆಯನ್ನು ಮುಚ್ಚಿಡಿ ಅಂತ ಹೇಳುವ ಮೂರನೆಯವನು ಇದ್ದರೆ ಅಲ್ಲಿಗೇ ನಿಲ್ಲಿಸಿ.

ಇದರ ಇನ್ನೊಂದು ಮುಖವೂ ಇದೆ. ಕೆಲವು ಸಲ ಕಳ್ಳ ನಿಜವಾಗಿಯೇ ಮಾರುವವರ ಖಾತೆಗೆ ಹಣ ಹಾಕಿಸುತ್ತಾನೆ. ಆದರೆ ಅದು ಬೇರೆ ಯಾರಿಂದಲೋ ವಂಚಿಸಿದ ಹಣ. ಸಾಮಾನು ಅವನ ಕೈ ಸೇರುತ್ತದೆ. ಆಮೇಲೆ ಹಣ ಕಳೆದುಕೊಂಡವರು ದೂರು ಕೊಟ್ಟಾಗ ಹಣದ ಜಾಡು ಹಿಡಿದು ಬಂದ ಪೊಲೀಸರು ಮಾರಿದವರ ಖಾತೆಯಲ್ಲಿ ಆ ಮೊತ್ತ ತಡೆಹಿಡಿಸುತ್ತಾರೆ. ಅದಕ್ಕೇ ಎದುರಿಗೆ ನಿಂತವನ ಹೆಸರೇ ಬೇರೆ, ಹಣ ಬಂದ ಹೆಸರೇ ಬೇರೆ ಅಂತಾದರೆ ಸಾಮಾನು ಕೊಡುವ ಮುಂಚೆ ಯಾಕೆ ಅಂತ ಕೇಳಿ. ಜಾಹೀರಾತು, ಚಾಟ್ ಅಳಿಸಬೇಡಿ.

ಗಂಗಾವತಿ ಗಣಕ

ನನ್ನ ಪರಿಚಯದವರ ಪೂರ್ತಿ ಖಾತೆಯನ್ನೇ ನಿಲ್ಲಿಸಿದ್ದರು ಸರ್, ಬರೀ ಆ ಮೊತ್ತವನ್ನಲ್ಲ. ಸಂಬಳದ ಹಣವೂ ತೆಗೆಯಲು ಆಗಲಿಲ್ಲ. ಇದು ಸರಿನಾ?

ಕೊಪ್ಪಳ ಕೌಂಟರ್

ವಿವಾದದ ಮೊತ್ತ ಮಾತ್ರ ತಡೆಹಿಡಿಯಬೇಕು ಅಂತ ಕೋರ್ಟುಗಳು ಹೇಳಿದ್ದುಂಟು. ಆದರೆ ಪೂರ್ತಿ ಖಾತೆ ನಿಂತಿರುವುದನ್ನು ನಾನೂ ನೋಡಿದ್ದೇನೆ. ಶಾಖೆಯಲ್ಲಿ ದೂರಿನ ನಂಬರ್, ಯಾವ ರಾಜ್ಯದ ಯಾವ ಠಾಣೆ ಅಂತ ಕೇಳಿ ಪಡೆಯಿರಿ. ಆ ಠಾಣೆಗೆ ಜಾಹೀರಾತು, ಚಾಟ್, ಮಾರಾಟದ ಚೀಟಿ ಕಳಿಸಿ. ತಿಂಗಳುಗಟ್ಟಲೆ ಹಿಡಿಯಬಹುದು.

ಕುಡತಿನಿ ಮೇಷ್ಟ್ರು

ಆ ರೈತರು ಯಾವ ದಾರಿಯಲ್ಲಿ ಹಣ ವಾಪಸ್ ಪಡೆಯಬಹುದು? ಅವರಿಗೂ ತಿಳಿಸುತ್ತೇನೆ. ಅವರು ಠಾಣೆಗೆ ಹೋಗಿದ್ದು ಮರುದಿನ ಸಂಜೆ.

ಕೊಪ್ಪಳ ಕೌಂಟರ್

ಮರುದಿನ ಸಂಜೆ ಅಂದರೆ ತಡವಾಗಿದೆ. ಆದರೂ ಬಿಡಬಾರದು. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಠಾಣೆಗೆ ಬಸ್ಸು ಹಿಡಿಯುವ ಮೊದಲು ಇದು. ಅವರು ಕೇಳುವುದು ನಿಮ್ಮ ಬ್ಯಾಂಕು, ಮೊತ್ತ, ದಿನಾಂಕ, ಸಮಯ, ಮತ್ತು ಆ ವ್ಯವಹಾರದ 12 ಅಂಕಿಯ ಯುಟಿಆರ್ ನಂಬರ್. ಯುಪಿಐ ಆ್ಯಪಿನಲ್ಲಿ ಆ ಪಾವತಿಯನ್ನು ಒತ್ತಿದರೆ ಸಿಗುತ್ತದೆ. ಆಮೇಲೆ cybercrime.gov.in ನಲ್ಲಿ ಪೂರ್ತಿ ದೂರು ದಾಖಲಿಸಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸೈಬರ್ ಅಪರಾಧಗಳಿಗೆ ಸೆನ್ ಪೊಲೀಸ್ ಠಾಣೆ ಇದೆ.

ಆತುರ ಯಾಕೆ ಅಂದರೆ, ಹಣ ಆ ಮೊದಲ ಖಾತೆಯಲ್ಲಿ ಕೂತಿರುವುದಿಲ್ಲ. ಅಲ್ಲಿಂದ ಎರಡು ಮೂರು ಖಾತೆಗೆ ಒಡೆದು ಹೋಗುತ್ತದೆ, ಕೊನೆಗೆ ಎಟಿಎಂನಿಂದ ಹೊರಬರುತ್ತದೆ. 1930ರಲ್ಲಿ ದೂರು ದಾಖಲಾದರೆ ಆ ಸರಪಳಿಯಲ್ಲಿ ಎಲ್ಲಿ ಎಷ್ಟು ಉಳಿದಿದೆಯೋ ಅಷ್ಟನ್ನು ಬ್ಯಾಂಕುಗಳು ತಡೆಹಿಡಿಯುತ್ತವೆ. ಹಾಗೆ ತಡೆಹಿಡಿದ ಹಣವೂ ತಾನಾಗಿ ವಾಪಸ್ ಬರುವುದಿಲ್ಲ, ಕೆಲವು ಸಲ ಕೋರ್ಟಿನ ಆದೇಶವೂ ಬೇಕಾಗುತ್ತದೆ.

ಇನ್ನೊಂದು ಕಹಿ ಸತ್ಯ. ನೀವೇ ಪಿನ್ ಹಾಕಿ ಕಳಿಸಿದ ಹಣಕ್ಕೆ ಬ್ಯಾಂಕ್ ಜವಾಬ್ದಾರಿ ಹೊರುವುದು ಬಹಳ ಕಷ್ಟ. ನಮ್ಮ ಕೌಂಟರಿನಲ್ಲಿ ಜನ ಅತ್ತು ಕೇಳುತ್ತಾರೆ, ನಾವು ಬರೀ ಅರ್ಜಿ ತಗೊಳ್ಳುವ ಸ್ಥಿತಿಯಲ್ಲಿರುತ್ತೇವೆ.

ಶಕ್ತಿನಗರ ಕ್ವಾರ್ಟರ್ಸ್

ಒಂದು ಸುದ್ದಿ ಕೊಟ್ಟುಬಿಡುತ್ತೇನೆ. ಫ್ರಿಜ್ ನೋಡಲು ಇವತ್ತು ದೇವಸೂಗೂರಿನಿಂದ ಗಂಡ ಹೆಂಡತಿ ಬಂದಿದ್ದರು. ಬಾಗಿಲು ನಾಲ್ಕು ಸಲ ತೆಗೆದು ಹಾಕಿದರು, ಐಸ್ ಟ್ರೇ ಎಳೆದು ನೋಡಿದರು, ಸಾವಿರ ಕಡಿಮೆ ಮಾಡಿ ಅಂತ ಹಟ ಹಿಡಿದರು. 10,800ಕ್ಕೆ ಮುಗಿಯಿತು. ನಾಳೆ ಆಟೋ ತರುತ್ತಾರೆ. ಅವರು ನನ್ನ ಕ್ಯೂಆರ್‌ಗೆ ಹಾಕುತ್ತಾರಂತೆ. ನಾನು ಬ್ಯಾಲೆನ್ಸ್ ನೋಡಿಯೇ ಆಟೋಗೆ ಏರಿಸುತ್ತೇನೆ. ಫ್ರಿಜ್ಜಿನ ಮೂಲ ಬಿಲ್ ಕೇಳುತ್ತಿದ್ದಾರೆ, ಅದರಲ್ಲಿ ನಮ್ಮ ವಿಳಾಸ, ನಂಬರ್ ಇದೆ. ಕೊಡಬಹುದಾ?

ತೀನ್ ಕಂದೀಲ್ ಮೊಬೈಲ್ಸ್

ಕೊಡಿ ಅಕ್ಕಾ. ಕದ್ದ ಮಾಲಲ್ಲ ಅನ್ನುವುದಕ್ಕೆ ಅವರಿಗೂ ಅದೇ ಆಧಾರ. ಫೋನ್ ನಂಬರ್ ಮೇಲೆ ಬೇಕಿದ್ದರೆ ಗೆರೆ ಎಳೆಯಿರಿ. ಜೊತೆಗೆ ಒಂದು ಬಿಳಿ ಹಾಳೆಯಲ್ಲಿ ಎರಡು ಸಾಲು ಬರೆಯಿರಿ: ಯಾವ ಕಂಪನಿಯ ಫ್ರಿಜ್, ಹಿಂಬದಿಯ ಸೀರಿಯಲ್ ನಂಬರ್, ಎಷ್ಟು ಹಣ, ಯುಟಿಆರ್ ನಂಬರ್, ದಿನಾಂಕ. ಇಬ್ಬರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ನಾನು ಪ್ರತಿ ಹಳೆ ಫೋನಿಗೂ ಹೀಗೇ ಬರೆಸುತ್ತೇನೆ.

ಶಕ್ತಿನಗರ ಕ್ವಾರ್ಟರ್ಸ್

ಸರಿ ಅಣ್ಣಾ. ಸೀರಿಯಲ್ ನಂಬರಿನ ಫೋಟೋ ಈಗಲೇ ತೆಗೆದಿಟ್ಟೆ. ಸೈಟಿನಿಂದ ಜಾಹೀರಾತು ನಾಳೆ ಹಣ ಬಂದ ಮೇಲೆ ತೆಗೆಯುತ್ತೇನೆ.